ಸ್ಪೀಕರಿನ ಸುಯ್ ಸದ್ದು: ತಪ್ಪು ಕೇಬಲ್‌ದಾ?

> "ಪವರ್ಡ್ ಸ್ಪೀಕರ್‌ನಲ್ಲಿ ಹಾಡು ನಿಲ್ಲಿಸಿದರೂ ಸುಯ್ ಅಂತ ಸದ್ದು. ಗ್ರೌಂಡ್ ಲೂಪಾ, ಕಳಪೆ ಕೇಬಲ್ಲಾ? ಲ್ಯಾಪ್‌ಟಾಪ್‌ಗೆ ಹಾಕಿದ್ದೇನೆ."

ಬಹುಶಃ ಎರಡೂ ಅಲ್ಲ. ಗ್ರೌಂಡ್ ಲೂಪ್ ಅಂದರೆ ಎರಡು ಸಾಧನಗಳು ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ತ್‌ಗೆ ಸೇರಿ ಆಗುವ ಸುತ್ತು; ಅದು ಇದ್ದರೆ ಗುಂಯ್ ಅಂತ ದಪ್ಪ ಸದ್ದು ಬರುತ್ತದೆ, ಕರೆಂಟಿನ 50 ಅಥವಾ 60 ಹರ್ಟ್ಸ್‌ನದು, ಇಲ್ಲವೇ ಅದರ ದುಪ್ಪಟ್ಟು. ಕೇಬಲ್ ಕೆಟ್ಟಿದ್ದರೆ ಅಲುಗಾಡಿಸಿದಾಗ ಚರಚರ ಅನ್ನುತ್ತದೆ. ಸುಯ್ ಅನ್ನೋದು ಸಾಮಾನ್ಯವಾಗಿ ಆಂಪ್ಲಿಫೈಯರಿನದೇ.

ಸ್ಪೀಕರ್ ಆನ್ ಇರಲಿ, ವಾಲ್ಯೂಮ್ ತಗ್ಗಿಸಿ, ಅದರ ಹಿಂದಿನಿಂದ ಆಡಿಯೋ ಕೇಬಲ್ ಕಿತ್ತುಬಿಡಿ. ವಾಲ್ಯೂಮ್ ಮತ್ತೆ ಮೊದಲಿನಷ್ಟೇ ಇಟ್ಟಾಗ ಸದ್ದು ಹಾಗೇ ಇದ್ದರೆ ಅದು ಸ್ಪೀಕರಿನ ಒಳಗಿನದು, ಹೊಸ ಕೇಬಲ್ ತಂದರೆ ಸುಮ್ನೆ ದುಡ್ಡು ದಂಡ (ನಾನು ಎರಡು ತಂದಿದ್ದೆ!). ನನ್ನದರಲ್ಲಿ ಸ್ಪೀಕರ್ ಗೇನ್, ಅಂದರೆ ಒಳಬರುವ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕು ಅನ್ನೋ ನಾಬ್, ಫುಲ್ ಇತ್ತು, ಲ್ಯಾಪ್‌ಟಾಪ್ ವಾಲ್ಯೂಮ್ 30ರಲ್ಲಿತ್ತು. ಲ್ಯಾಪ್‌ಟಾಪ್ 90ಕ್ಕೆ ಏರಿಸಿ, ಹಾಡು ಮೊದಲಿನಷ್ಟೇ ಜೋರಾಗಿ ಕೇಳುವವರೆಗೆ ಗೇನ್ ಇಳಿಸಿದೆ, ಕೂತ ಜಾಗಕ್ಕೆ ಸುಯ್ ಕೇಳಿಸಲಿಲ್ಲ. ಟ್ವೀಟರಿಗೆ ಕಿವಿ ಇಟ್ಟರೆ ಈಗಲೂ ಸ್ವಲ್ಪ ಇದೆ, ಅದು ಪೂರ್ತಿ ಹೋಗಲ್ಲ.

ಕೇಬಲ್ ಕಿತ್ತಾಗ ಸದ್ದು ನಿಂತರೆ, ಮತ್ತೆ ಹಾಕಿ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ಆಗ ಹೋದರೆ ಲೂಪ್ ಇರಬಹುದು, ಚಾರ್ಜರ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಆಗದಿದ್ದರೆ ಆಡಿಯೋ ಲೈನಿಗೆ ಲೂಪ್ ಕಡಿಯುವ ಐಸೋಲೇಟರ್ ಹಾಕಿ. ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಕತ್ತರಿಸಬೇಡಿ, ಶಾಕ್ ಹೊಡೆಯಬಹುದು.