ಚಾರ್ಟ್‌ನಿಂದ ಟೇಬಲ್‌ಗೆ ಹೋದಾಗ ಸ್ಲೈಸರ್ ಆಯ್ಕೆ ಅಳಿಯುವುದೇಕೆ?

ಪ್ರಶ್ನೆ: ಪವರ್ ಬಿಐ ವರದಿಯ ಒಂದೇ ಪುಟದಲ್ಲಿ ಚಾರ್ಟ್ ಮತ್ತು ಟೇಬಲ್ ಬದಲಿಸಲು ಎರಡು ಬುಕ್‌ಮಾರ್ಕ್ ಮಾಡಿದ್ದೇನೆ. ಬಟನ್ ಒತ್ತಿದರೆ ಸ್ಲೈಸರ್‌ನಲ್ಲಿ ಆರಿಸಿದ ವರ್ಷ ಹೊರಟುಹೋಗುತ್ತದೆ. ವರ್ಷಕ್ಕೊಂದು ಜೋಡಿ ಬುಕ್‌ಮಾರ್ಕ್ ಮಾಡಬೇಕೇ?

ಖಂಡಿತ ಬೇಡ. ನಾನು ಆ ದಾರಿಯನ್ನೂ ಹಿಡಿದು ನೋಡಿದ್ದೇನೆ: ಐದು ವರ್ಷ, ನಾಲ್ಕು ವಲಯ, ಪ್ರತಿಯೊಂದಕ್ಕೂ ಎರಡು ನೋಟ ಎಂದರೆ 40 ಬುಕ್‌ಮಾರ್ಕ್ ಆಗುತ್ತವೆ ಎಂದು ಲೆಕ್ಕ ಹಾಕಿದ ಮೇಲೆಯೇ ನನಗೆ ಬುದ್ಧಿ ಬಂದದ್ದು.

ನನ್ನದು ಮಾರಾಟದ ವರದಿ. ಟೇಬಲ್‌ನ ಮೊತ್ತ ಚಾರ್ಟ್‌ಗಿಂತ ಹೆಚ್ಚು ಬರುತ್ತಿದೆ ಎಂದು ಬಳಕೆದಾರರೊಬ್ಬರು ದೂರಿದಾಗ ನಾನು ನೇರವಾಗಿ ಮೆಷರ್‌ಗಳನ್ನು ಅನುಮಾನಿಸಿ, ಎರಡು ದಿನ ಸೂತ್ರಗಳನ್ನೇ ಬಿಚ್ಚಿ ಕಟ್ಟುತ್ತ ಕುಳಿತೆ. ನನ್ನ ಗಣಕದಲ್ಲಿ ಎರಡೂ ಮೊತ್ತ ಸರಿಯಾಗಿಯೇ ಹೊಂದುತ್ತಿದ್ದವು, ಏಕೆಂದರೆ ಸ್ಲೈಸರ್ ಮುಟ್ಟದೆ ಬಟನ್ ಮಾತ್ರ ಒತ್ತಿ ಪರೀಕ್ಷಿಸುತ್ತಿದ್ದೆ. ಬುಕ್‌ಮಾರ್ಕ್ ಮಾಡಿದಾಗಲೂ ಸ್ಲೈಸರ್‌ನಲ್ಲಿ ಏನನ್ನೂ ಆರಿಸಿರಲಿಲ್ಲ. ಕೊನೆಗೆ ಅವರ ಪಕ್ಕದಲ್ಲಿ ಕುಳಿತು ನೋಡಿದಾಗ, ಅವರು 2023 ಆರಿಸಿ ಟೇಬಲ್ ಬಟನ್ ಒತ್ತಿದೊಡನೆ ಸ್ಲೈಸರ್ ಸದ್ದಿಲ್ಲದೆ ಖಾಲಿಯಾಯಿತು. ಟೇಬಲ್ ತೋರಿಸುತ್ತಿದ್ದದ್ದು ಎಲ್ಲ ವರ್ಷಗಳ ಮೊತ್ತವನ್ನು.

ಹೊಸ ಬುಕ್‌ಮಾರ್ಕ್ ಯಾವುದು ಕಾಣಬೇಕು, ಯಾವುದು ಮರೆಯಾಗಬೇಕು ಎಂಬುದನ್ನಷ್ಟೇ ಅಲ್ಲದೆ, ಆ ಕ್ಷಣದ ಸ್ಲೈಸರ್, ಫಿಲ್ಟರ್ ಮತ್ತು ವಿಂಗಡಣೆಯ ಸ್ಥಿತಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬಟನ್ ಒತ್ತಿದಾಗ ಆ ಹಳೆಯ ಸ್ಥಿತಿಯೇ ಮರಳುತ್ತದೆ. ಖಾಲಿ ಸ್ಲೈಸರ್ ಕೂಡ ಒಂದು ಸ್ಥಿತಿಯೇ ಎಂಬುದನ್ನು ನಾನು ಮರೆತಿದ್ದೆ. ಪರಿಹಾರಕ್ಕೆ ಅರ್ಧ ನಿಮಿಷ ಸಾಕು: Bookmarks ಫಲಕದಲ್ಲಿ ಬುಕ್‌ಮಾರ್ಕ್‌ನ ಪಕ್ಕದ ಮೂರು ಚುಕ್ಕೆ ಒತ್ತಿ, Data ಎಂಬುದರ ಗುರುತು ತೆಗೆದು, Display ಅನ್ನು ಹಾಗೆಯೇ ಬಿಡಿ. ಇದನ್ನು ಎರಡೂ ಬುಕ್‌ಮಾರ್ಕ್‌ಗಳಿಗೆ ಮಾಡಬೇಕು. ಒಂದನ್ನೇ ಸರಿಪಡಿಸಿದರೆ ಹೋಗುವಾಗ ಉಳಿದ ಆಯ್ಕೆ ಮರಳುವಾಗ ಅಳಿಯುತ್ತದೆ. ಆಯ್ಕೆಗಳನ್ನು ಬೇಕೆಂದೇ ಅಳಿಸುವ ಬಟನ್ ಬೇಕಿದ್ದರೆ, ಸ್ಲೈಸರ್‌ಗಳು ಖಾಲಿ ಇರುವಾಗಲೇ, Data ಉಳಿಸಿ Display ತೆಗೆದ ಮೂರನೆಯ ಬುಕ್‌ಮಾರ್ಕ್ ಮಾಡಿ.

ಇನ್ನೊಂದು ಮಾತು. ಚಾರ್ಟ್ ಮತ್ತು ಅದು ಕಾಣುವಾಗ ಇರಬೇಕಾದ ಬಟನ್ ಒಂದು ಗುಂಪು, ಟೇಬಲ್ ಮತ್ತು ಅದರ ಬಟನ್ ಇನ್ನೊಂದು ಗುಂಪು ಆಗಲಿ. ಸ್ಲೈಸರ್‌ಗಳು ಎರಡರಿಂದಲೂ ಹೊರಗಿರಲಿ. ನಾನು ಗುಂಪು ಮಾಡದೆ, ಬುಕ್‌ಮಾರ್ಕ್ ಆದ ಮೇಲೆ ಒಂದು ಕಾರ್ಡ್ ಸೇರಿಸಿದಾಗ ಅದು ಟೇಬಲ್‌ನ ಮೇಲೂ ಕುಳಿತುಬಿಟ್ಟಿತ್ತು, ಏಕೆಂದರೆ ಹಳೆಯ ಬುಕ್‌ಮಾರ್ಕ್‌ಗೆ ಅದರ ಪರಿಚಯವೇ ಇರಲಿಲ್ಲ. Selection ಫಲಕದಲ್ಲಿ ಹೊಸದನ್ನು ಗುಂಪಿನೊಳಗೆ ಎಳೆದು ಹಾಕಿದರೆ, ಗುಂಪು ಮರೆಯಾದಾಗ ಅದೂ ಮರೆಯಾಗುತ್ತದೆ.

ಪರೀಕ್ಷಿಸುವಾಗ ಮೊದಲು ಒಂದು ವರ್ಷವನ್ನೂ ಒಂದು ವಲಯವನ್ನೂ ಆರಿಸಿಕೊಂಡು, ಡೆಸ್ಕ್‌ಟಾಪ್‌ನಲ್ಲಿ Ctrl ಹಿಡಿದು ಬಟನ್ ಒತ್ತಿ, ಅತ್ತ ಹೋಗಿ ಇತ್ತ ಬನ್ನಿ. ಆಗ ನಿಮ್ಮ ಕಣ್ಣು ಟೇಬಲ್‌ನ ಮೇಲಲ್ಲ, ಸ್ಲೈಸರ್‌ನ ಮೇಲಿರಲಿ.