ಕಪ್ಪುಕುಳಿಯಿಂದ ಬೆಳಕು ಯಾಕೆ ಹೊರಗೆ ಬರಲ್ಲ?

ಪ್ರಶ್ನೆ: ಬೆಳಕಿಗೆ ತೂಕವೇ ಇಲ್ಲ ಅಂತಾರೆ. ಮತ್ತೆ ಕಪ್ಪುಕುಳಿ ಅದನ್ನು ಹಿಡಿಯೋದು ಹೇಗೆ? ಅದು ಹುಟ್ಟೋದಾದ್ರೂ ಹೇಗೆ? ನಾನು ಫಿಸಿಕ್ಸ್ ಓದಿಲ್ಲ.

ಹುಟ್ಟಿನಿಂದಲೇ ಶುರು ಮಾಡುತ್ತೇನೆ. ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಸಿಯಲು ನೋಡುತ್ತಿರುತ್ತದೆ. ನಡುವಿನ ಬಿಸಿ ಅದನ್ನು ಹೊರಕ್ಕೆ ಒತ್ತಿ ಹಿಡಿದಿರುತ್ತದೆ. ಆ ಬಿಸಿ ಬರುವುದು ಹಗುರ ಪರಮಾಣುಗಳು ಬೆಸೆದು ಭಾರವಾಗುವುದರಿಂದ. ಸೂರ್ಯನಿಗಿಂತ ಇಪ್ಪತ್ತು ಪಟ್ಟು ಭಾರದ ನಕ್ಷತ್ರದಲ್ಲಿ ಹೈಡ್ರೋಜನ್ ಲಕ್ಷಾಂತರ ವರ್ಷ ಬಾಳುತ್ತದೆ. ಕೊನೆಯ ಸರದಿ ಸಿಲಿಕಾನ್‌ನದು, ಅದು ಕೆಲವೇ ದಿನಗಳಲ್ಲಿ ಮುಗಿದು ಕಬ್ಬಿಣವಾಗುತ್ತದೆ. ಕಬ್ಬಿಣ ಬೆಸೆದರೆ ಶಕ್ತಿ ಹುಟ್ಟುವುದಿಲ್ಲ, ಖರ್ಚಾಗುತ್ತದೆ. ಅಲ್ಲಿಗೆ ಒಲೆ ಆರಿತು.

ಹೆಚ್ಚುಕಮ್ಮಿ ಭೂಮಿಯಷ್ಟು ಅಗಲದ ಆ ಕಬ್ಬಿಣದ ತಿರುಳು ಒಂದು ಸೆಕೆಂಡ್ ಕೂಡ ತೆಗೆದುಕೊಳ್ಳದೆ ಕುಸಿಯುತ್ತದೆ. ಎಷ್ಟೋ ಸಲ ಪರಮಾಣುವಿನ ನಡುವಿನ ಕಣಗಳಾದ ನ್ಯೂಟ್ರಾನ್‌ಗಳು ಒತ್ತೊತ್ತಾಗಿ ನಿಂತು ಕುಸಿತವನ್ನು ತಡೆಯುತ್ತವೆ, ಆಗ ಉಳಿಯುವುದು ನ್ಯೂಟ್ರಾನ್ ನಕ್ಷತ್ರ. ಆದರೆ ಉಳಿದ ಮುದ್ದೆ ಸೂರ್ಯನ ಎರಡು–ಮೂರು ಪಟ್ಟು ದಾಟಿದರೆ ಅವುಗಳಿಂದಲೂ ಆಗುವುದಿಲ್ಲ. ಆಮೇಲೆ ತಡೆಯುವಂಥದ್ದು ನಮಗೆ ಗೊತ್ತಿರುವ ಯಾವುದೂ ಇಲ್ಲ, ಕುಸಿದು ಕುಸಿದು ಅದು ಕಪ್ಪುಕುಳಿಯಾಗುತ್ತದೆ.

ಈಗ ಬೆಳಕು. ಭೂಮಿಯ ಹಿಡಿತ ಬಿಡಿಸಿಕೊಳ್ಳಲು ಸೆಕೆಂಡಿಗೆ 11 ಕಿ.ಮೀ. ವೇಗ ಬೇಕು, ಸೂರ್ಯನ ಮೇಲಿಂದ ಸುಮಾರು 618. ಸೂರ್ಯನನ್ನು 3 ಕಿ.ಮೀ. ತ್ರಿಜ್ಯದ ಉಂಡೆಯಾಗಿ ಹಿಸುಕಿದರೆ ಬೇಕಾಗುವ ವೇಗ ಬೆಳಕಿನದೇ ಆಗುತ್ತದೆ, ಸೆಕೆಂಡಿಗೆ 3 ಲಕ್ಷ ಕಿ.ಮೀ. ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ನನಗೆ ಅದು ಅರ್ಧ ಉತ್ತರ ಅನಿಸುತ್ತದೆ. ಕೇಳಿದವರು ಬೆಳಕು ಕಲ್ಲಿನ ಹಾಗೆ ಸ್ವಲ್ಪ ಮೇಲೇರಿ ಕೆಳಗೆ ಬೀಳುತ್ತದೆ ಅಂದುಕೊಳ್ಳುತ್ತಾರೆ. ಅದು ಏರುವುದೇ ಇಲ್ಲ.

ಐನ್‌ಸ್ಟೈನ್ ಪ್ರಕಾರ ಭಾರವಾದ ವಸ್ತು ತನ್ನ ಸುತ್ತಲಿನ ಜಾಗವನ್ನೂ ಕಾಲವನ್ನೂ ಬಗ್ಗಿಸುತ್ತದೆ. ತೂಕ ಇರಲಿ ಬಿಡಲಿ, ಎಲ್ಲವೂ ಆ ಬಾಗಿದ ದಾರಿಯಲ್ಲೇ ಸಾಗಬೇಕು. 1919ರ ಸೂರ್ಯಗ್ರಹಣದಲ್ಲಿ ಸೂರ್ಯನ ಪಕ್ಕದಿಂದ ಬಂದ ನಕ್ಷತ್ರಗಳ ಬೆಳಕು ಬಾಗಿದ್ದನ್ನು ಅಳೆದು ನೋಡಿದರು. ಕಪ್ಪುಕುಳಿಯ ಅಂಚಿನಲ್ಲಿ ಈ ಬಾಗು ವಿಪರೀತ. ಜಾಗವೇ ಹೊಳೆಯ ಸೆಳವಿನಂತೆ ಒಳಕ್ಕೆ ಹರಿಯುತ್ತಿದೆ ಅಂದುಕೊಳ್ಳಿ. ಅಂಚಿನಲ್ಲಿ ಆ ಸೆಳವು ಬೆಳಕಿನಷ್ಟೇ ವೇಗದ್ದು, ಒಳಗೆ ಇನ್ನೂ ಜಾಸ್ತಿ. ಹೊರಮುಖವಾಗಿ ಹೊರಟ ಬೆಳಕೂ ಒಳಗೇ ಹೋಗುತ್ತದೆ. ಲೆಕ್ಕ ಮಾಡಿದರೆ ಇನ್ನೂ ವಿಚಿತ್ರ: ಅಂಚು ದಾಟಿದವರಿಗೆ ನಡು ಎನ್ನುವುದು ಒಂದು ದಿಕ್ಕಲ್ಲ, ಬರಲಿರುವ ಹೊತ್ತು. ನಾಳೆಯನ್ನು ತಪ್ಪಿಸಿಕೊಂಡು ಓಡೋಕಾಗುತ್ತಾ?

ಹಾಗಾದರೆ ಅದು ಇದೆ ಅಂತ ಗೊತ್ತಾಗುವುದು ಹೇಗೆ ಅಂತ ಕೇಳಬಹುದು. ಸಿಗ್ನಸ್ ಎಕ್ಸ್-1 ನೋಡಿ. ಅಲ್ಲಿ ಒಂದು ನೀಲಿ ನಕ್ಷತ್ರ ಕಾಣದ ಜೊತೆಗಾರನೊಂದಿಗೆ 5.6 ದಿನಕ್ಕೊಂದು ಸುತ್ತು ಹಾಕುತ್ತದೆ. ಆ ಓಟದಿಂದ ಲೆಕ್ಕ ಹಾಕಿದರೆ ಜೊತೆಗಾರನ ತೂಕ ಸೂರ್ಯನ ಸುಮಾರು 21 ಪಟ್ಟು. ನ್ಯೂಟ್ರಾನ್ ನಕ್ಷತ್ರ ಅಷ್ಟು ಹೊರಲಾರದು. ಅಲ್ಲಿಂದ ಬರುವ ಎಕ್ಸ್-ರೇ ಕುಳಿಯದಲ್ಲ, ನಕ್ಷತ್ರದಿಂದ ಸೆಳೆದ ಅನಿಲದ್ದು. ಅದು ಅಂಚು ದಾಟುವ ಮೊದಲು ಸುತ್ತುತ್ತಾ ಕಾದು ಹೊಳೆಯುತ್ತದೆ.