ಬಿಲ್ ಕಟ್ಟಿದ ಮೇಲೂ ಬಿಡುಗಡೆಯಾಗದ ಹೋಟೆಲ್ ಹೋಲ್ಡ್

ಪ್ರಶ್ನೆ: ಹೋಟೆಲ್ ಬಿಲ್ಲನ್ನು ಪೂರ್ತಿ ಕಟ್ಟಿ ಬಂದು ಆರು ದಿನವಾಯಿತು. ಆದರೂ ನನ್ನ ಡೆಬಿಟ್ ಕಾರ್ಡಿನ ಖಾತೆಯಲ್ಲಿ 18,000 ರೂಪಾಯಿ ಹೋಲ್ಡ್ ಆಗಿಯೇ ಇದೆ. ಇದು ಮೋಸವೇ? ಮುಂದಿನ ತಿಂಗಳು ಅಮೆರಿಕಕ್ಕೆ ಹೋಗುತ್ತಿದ್ದೇನೆ, ಅಲ್ಲಿ ಪೆಟ್ರೋಲ್ ಬಂಕಿನಲ್ಲೂ ಹೀಗೆ ಮಾಡುತ್ತಾರಂತೆ. ಇಂಥ ತೊಂದರೆಯಿಲ್ಲದ ಡೆಬಿಟ್ ಕಾರ್ಡ್ ಯಾವ ಬ್ಯಾಂಕಿನದು?

ಉತ್ತರ:

ಬಿಲ್ ಕಟ್ಟಿದ್ದು ಅದೇ ಕಾರ್ಡಿನಿಂದಲೇ, ಅಥವಾ ಯುಪಿಐ ಮೂಲಕವೇ? ನೀವು ಅದನ್ನು ಬರೆದಿಲ್ಲ, ಆದರೆ ನನ್ನ ಊಹೆ ಯುಪಿಐ ಎಂದು. ಏಕೆಂದರೆ ನಾನು ಮಾಡಿದ ತಪ್ಪು ಅದೇ.

2022ರ ಡಿಸೆಂಬರಿನಲ್ಲಿ ಬನಶಂಕರಿಯಲ್ಲಿ ನಮ್ಮ ಮನೆಯ ಗೃಹಪ್ರವೇಶವಿತ್ತು. ಶಿವಮೊಗ್ಗದಿಂದ ಬಂದ ಭಾವ, ಅಕ್ಕ ಮತ್ತು ಅವರ ಮನೆಯವರಿಗಾಗಿ ಜಯನಗರದ ಒಂದು ಹೋಟೆಲಿನಲ್ಲಿ ಎರಡು ಕೋಣೆಗಳನ್ನು ಮೂರು ರಾತ್ರಿಗೆ ಹಿಡಿದಿದ್ದೆ. ಒಂದು ಕೋಣೆಗೆ ದಿನಕ್ಕೆ 4,500 ರೂಪಾಯಿಯಂತೆ 27,000, ಅದರ ಮೇಲೆ ಆಗಿನ ಶೇಕಡ 12ರ ಜಿಎಸ್‌ಟಿ ಸೇರಿ 30,240 ರೂಪಾಯಿ. ಶುಕ್ರವಾರ ಮಧ್ಯಾಹ್ನ ರಿಸೆಪ್ಷನ್‌ನಲ್ಲಿದ್ದ ಹುಡುಗ, ಊಟ, ಲಾಂಡ್ರಿ ಇತ್ಯಾದಿಗೆಂದು ಕೋಣೆಗೆ 5,000ದಂತೆ ಸೇರಿಸಿ ಒಟ್ಟು 40,240 ರೂಪಾಯಿಗೆ ನನ್ನ ಡೆಬಿಟ್ ಕಾರ್ಡನ್ನು ಮಷಿನ್‌ಗೆ ಹಾಕಿದ. "ಇದು ಕಟ್ ಆಗಲ್ಲ ಸರ್, ಬರೀ ಹೋಲ್ಡ್. ಹೋಗುವಾಗ ಅಡ್ಜಸ್ಟ್ ಆಗುತ್ತೆ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಕೋಣೆ ಬಿಡುವಾಗ ಬಿಲ್ 32,100 ಆಗಿತ್ತು. ರಿಸೆಪ್ಷನ್‌ನಲ್ಲಿ ಅಂದು ಬೇರೆ ಹುಡುಗಿ ಇದ್ದಳು. "ಕಾರ್ಡಾ, ಯುಪಿಐಯಾ ಸರ್?" ಎಂದು ಕೇಳಿದಳು. ಹೊರಗೆ ಆಟೊದವನು ಸಾಮಾನು ತುಂಬಿಕೊಂಡು ಕಾಯುತ್ತಿದ್ದ, ಕ್ಯೂಆರ್ ಕೋಡ್ ಮೇಜಿನ ಮೇಲೆಯೇ ಇತ್ತು, ನಾನು ಫೋನ್ ತೆಗೆದು ಸ್ಕ್ಯಾನ್ ಮಾಡಿ ಹಣ ಕಳಿಸಿ ಹೊರಟುಬಿಟ್ಟೆ.

ಆ ಒಂದು ನಿಮಿಷದಲ್ಲಿ ಆದದ್ದೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಶುಕ್ರವಾರ ಮಷಿನ್ ನನ್ನ ಬ್ಯಾಂಕಿಗೆ ಕೇಳಿದ್ದು ಹಣವನ್ನಲ್ಲ, ಒಪ್ಪಿಗೆಯನ್ನು. "ಈ ಖಾತೆಯಲ್ಲಿ 40,240 ಇದೆಯೇ, ಇದ್ದರೆ ನನಗಾಗಿ ತೆಗೆದಿಡು" ಎಂಬಷ್ಟೇ ಆ ಸಂದೇಶದ ಅರ್ಥ. ಬ್ಯಾಂಕ್ ಅಷ್ಟು ಮೊತ್ತವನ್ನು ತಡೆಹಿಡಿದು, ಆರು ಅಂಕಿಯ ಒಂದು ಒಪ್ಪಿಗೆ ಸಂಖ್ಯೆಯನ್ನು ಮಷಿನ್‌ಗೆ ಕಳಿಸುತ್ತದೆ. ಚೀಟಿಯಲ್ಲಿ `APPR CODE` ಎಂದು ಅಚ್ಚಾಗಿರುವುದು ಅದೇ. ಕೋಣೆ ಬಿಡುವಾಗ ಹೋಟೆಲಿನವರು ಅದೇ ಸಂಖ್ಯೆಯನ್ನು ಉಲ್ಲೇಖಿಸಿ, 40,240ರ ಬದಲು 32,100ಕ್ಕೆ ಆ ವ್ಯವಹಾರವನ್ನು ಮುಗಿಸಬೇಕು. ಮರುದಿನವೋ ಅದರ ಮರುದಿನವೋ ಬ್ಯಾಂಕಿಗೆ ಲೆಕ್ಕ ತಲುಪಿದಾಗ, ಇದು ಶುಕ್ರವಾರದ ಒಪ್ಪಿಗೆಗೆ ಸೇರಿದ ಬಿಲ್ ಎಂದು ಗುರುತು ಸಿಗುತ್ತದೆ. ಆಗ ಬ್ಯಾಂಕ್ 32,100 ಕಡಿದುಕೊಂಡು ಉಳಿದ 8,140 ರೂಪಾಯಿಯನ್ನು ಬಿಡುತ್ತದೆ.

ನಾನು ಯುಪಿಐನಲ್ಲಿ ಕಟ್ಟಿದ್ದರಿಂದ ಆ ಒಪ್ಪಿಗೆಗೆ ಸೇರಿದ ಬಿಲ್ ಎಂದೂ ಬ್ಯಾಂಕಿಗೆ ತಲುಪುವಂತಿರಲಿಲ್ಲ. ಯುಪಿಐ ಅದೇ ಖಾತೆಯಿಂದಲೇ ಹೋದರೂ ಅದು ಬೇರೆಯೇ ದಾರಿಯ ಹಣ. ಅದಕ್ಕೂ ಕಾರ್ಡಿನ ಹೋಲ್ಡಿಗೂ ಸಂಬಂಧವಿದೆ ಎಂಬುದು ನನಗೆ ಮತ್ತು ಆ ಹುಡುಗಿಗೆ ಗೊತ್ತಿತ್ತೇ ಹೊರತು ಬ್ಯಾಂಕಿನ ಗಣಕಕ್ಕೆ ಗೊತ್ತಾಗುವ ಬಗೆಯೇ ಇಲ್ಲ. ಬೇರೊಂದು ಕಾರ್ಡಿನಿಂದ ಕಟ್ಟಿದ್ದರೂ, ನಗದು ಕೊಟ್ಟಿದ್ದರೂ ಇದೇ ಆಗುತ್ತಿತ್ತು. ಅದೇ ಕಾರ್ಡನ್ನೇ ಕೊಟ್ಟು, ಹಳೆಯ ಒಪ್ಪಿಗೆಯನ್ನು ಮುಗಿಸುವ ಬದಲು ಅವರು ಹೊಸದಾಗಿ ಸ್ವೈಪ್ ಮಾಡಿದ್ದರೂ ಎರಡು ಮೊತ್ತಗಳು ಒಟ್ಟಿಗೇ ಖಾತೆಯ ಮೇಲೆ ಬೀಳುತ್ತಿದ್ದವು.

ಖಾತೆಯಲ್ಲಿ ಮೊದಲು 79,000 ರೂಪಾಯಿ ಇತ್ತು. ಹೋಲ್ಡ್ ಕಳೆದು ಬಳಸಲು ಉಳಿದದ್ದು 38,760, ಯುಪಿಐ ನಂತರ ಬರೀ 6,660. ಬಳಸಬಹುದಾದ ಮೊತ್ತ ಇನ್ನಷ್ಟು ಕಡಿಮೆಯಿದ್ದಿದ್ದರೆ ಯುಪಿಐ ಅಲ್ಲೇ ವಿಫಲವಾಗಿ ನನಗೆ ವಿಷಯ ಆಗಲೇ ತಿಳಿಯುತ್ತಿತ್ತು. ಆದರೆ ಅದು ಸಲೀಸಾಗಿ ಹೋಯಿತು. ಬುಧವಾರ ಮನೆ ಸಾಲದ 21,400 ರೂಪಾಯಿಯ ಕಂತು ಬೌನ್ಸ್ ಆಯಿತು. ಗಾಂಧಿ ಬಜಾರಿನ ಎಟಿಎಂ ಮುಂದೆ ನಿಂತು ನೋಡುತ್ತೇನೆ, ಖಾತೆಯಲ್ಲಿರುವ ಮೊತ್ತ 46,900 ಎಂದು ತೋರಿಸುತ್ತದೆ, ಅದರ ಕೆಳಗೆ ಬಳಸಬಹುದಾದ ಮೊತ್ತ 6,660 ಎಂದು. ಪಾಸ್‌ಬುಕ್ಕಿನಲ್ಲಿ ಹೋಲ್ಡಿನ ಸುಳಿವೇ ಇರಲಿಲ್ಲ, ಏಕೆಂದರೆ ಹಣ ಖಾತೆಯಿಂದ ಹೊರಗೆ ಹೋಗಿರಲೇ ಇಲ್ಲ. ಕಂತು ಬೌನ್ಸ್ ಆದದ್ದಕ್ಕೆ ಜಿಎಸ್‌ಟಿ ಸೇರಿ 590 ರೂಪಾಯಿ ದಂಡ ಬಿತ್ತು. ಬ್ಯಾಂಕ್ ಅದನ್ನು ಹಿಂದಿರುಗಿಸಲಿಲ್ಲ, ಕಂತಿಗೆ ಲೆಕ್ಕಕ್ಕೆ ಬರುವುದು ಬಳಸಬಹುದಾದ ಮೊತ್ತವೇ ಎಂದಿತು. ಹಣಕ್ಕಿಂತ ಹೆಚ್ಚು ನೋವಾದದ್ದು, ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸದೆ ಕಟ್ಟಿದ ಸಾಲದ ದಾಖಲೆಯಲ್ಲಿ ಆ ಒಂದು ತಿಂಗಳು ಹಾಗೆ ಉಳಿದುಬಿಟ್ಟಿತಲ್ಲ ಎಂದು.

ಮುಂದಿನ ನಾಲ್ಕು ದಿನ ಹೋಟೆಲಿಗೂ ಬ್ಯಾಂಕಿಗೂ ಓಡಾಡಿದೆ. ಹೋಟೆಲಿನವರು, "ನಾವು ಆ ದುಡ್ಡು ತಗೊಂಡೇ ಇಲ್ಲ ಸರ್, ಬ್ಯಾಂಕಿನವರನ್ನು ಕೇಳಿ" ಎಂದರು. ಬ್ಯಾಂಕಿನವರು, "ಹೋಲ್ಡ್ ಹಾಕಿದವರೇ ತೆಗೆಯಬೇಕು" ಎಂದರು. ಇಬ್ಬರೂ ಹೇಳಿದ್ದು ನಿಜವೇ. ಹೋಟೆಲಿನ ಬಳಿ ಹಣವಿಲ್ಲ, ಆದರೆ ಒಪ್ಪಿಗೆಯನ್ನು ರದ್ದು ಮಾಡುವ ಅಧಿಕಾರವಿದೆ. ಬ್ಯಾಂಕಿನ ಬಳಿ ಹಣವಿದೆ, ಆದರೆ ಹೋಟೆಲಿನವರು ನಾಳೆ ಬಿಲ್ ಕಳಿಸಿಬಿಟ್ಟರೆ ಕೊಡಬೇಕಾಗುತ್ತದೆ ಎಂಬ ಕಾರಣಕ್ಕೆ ಅದು ತಾನಾಗಿ ಬಿಡುವುದಿಲ್ಲ. ಯಾರೂ ಏನೂ ಮಾಡದಿದ್ದರೆ ಅವಧಿ ಮುಗಿದಾಗ ಹೋಲ್ಡ್ ಬಿದ್ದುಹೋಗುತ್ತದೆ, ಆದರೆ ವೀಸಾ, ಮಾಸ್ಟರ್‌ಕಾರ್ಡ್ ಸಂಸ್ಥೆಗಳ ನಿಯಮಗಳಲ್ಲಿ ಹೋಟೆಲಿನಂಥ ಮುಂಗಡ ಒಪ್ಪಿಗೆಗೆ ಸುಮಾರು ಒಂದು ತಿಂಗಳವರೆಗೆ ಅವಕಾಶವಿದೆ. ಕೆಲವು ಬ್ಯಾಂಕುಗಳು ಅದಕ್ಕಿಂತ ಬೇಗ ಬಿಡುತ್ತವೆ.

ನನ್ನ ಪುಣ್ಯಕ್ಕೆ ಶುಕ್ರವಾರದ ಚೀಟಿ ಅಂಗಿಯ ಜೇಬಿನಲ್ಲೇ ಇತ್ತು. ಶಾಖದಿಂದ ಅಚ್ಚಾಗುವ ಆ ಕಾಗದದಲ್ಲಿ ಅಕ್ಷರಗಳು ಆಗಲೇ ಮಾಸತೊಡಗಿದ್ದವು, ಮಡಿಕೆ ಬಿದ್ದ ಕಡೆ ಅಂಕಿಗಳು ಬೆಳ್ಳಗಾಗಿದ್ದವು. ಬೆಳಕಿಗೆ ಹಿಡಿದು `APPR CODE` ಓದಿಕೊಂಡೆ. ಅದನ್ನು ಹಿಡಿದುಕೊಂಡು ಹೋಗಿ ಹೋಟೆಲಿನ ಲೆಕ್ಕಪತ್ರ ವಿಭಾಗದವರನ್ನು ಕಂಡೆ. ಇಂಥ ದಿನಾಂಕದ, ಈ ಕೊನೆಯ ನಾಲ್ಕು ಅಂಕಿಯ ಕಾರ್ಡಿನ, ಈ ಒಪ್ಪಿಗೆ ಸಂಖ್ಯೆಯ 40,240 ರೂಪಾಯಿಯನ್ನು ನಾವು ವಸೂಲು ಮಾಡುವುದಿಲ್ಲ, ದಯವಿಟ್ಟು ಬಿಡುಗಡೆ ಮಾಡಿ ಎಂದು ಅವರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದು ನನ್ನ ಬ್ಯಾಂಕಿಗೆ ಮಿಂಚಂಚೆ ಕಳಿಸಿದರು, ಮಷಿನ್‌ನಲ್ಲಿಯೂ ರದ್ದು ಮಾಡಿದರು. ಎರಡನೆಯ ದಿನ ಬೆಳಿಗ್ಗೆ ಬಳಸಬಹುದಾದ ಮೊತ್ತ ಸರಿಯಾಗಿತ್ತು. ಹಣ ಜಮೆಯಾಯಿತು ಎಂಬ ಸಂದೇಶವೇನೂ ಬರಲಿಲ್ಲ, ಹೋಗದ ಹಣ ಜಮೆಯಾಗುವುದೆಂತು?

ನೀವು ಮಾಡಬೇಕಾದದ್ದೂ ಇಷ್ಟೇ. ಮೊದಲು ಕೋಣೆಗೆ ಸೇರುವಾಗ ಕೊಟ್ಟ ಚೀಟಿಯನ್ನು ಹುಡುಕಿ. ಅದರ ಮೇಲ್ಭಾಗದಲ್ಲಿ `PRE-AUTH` ಎಂದಿದ್ದರೆ ಅದು ಹೋಲ್ಡ್, ನಾನು ಹೇಳಿದ ದಾರಿಯಲ್ಲೇ ಹೋಗಿ. `SALE` ಎಂದಿದ್ದರೆ ಅವರು ಹಣವನ್ನು ನಿಜವಾಗಿಯೇ ಮುಂಗಡವಾಗಿ ತೆಗೆದುಕೊಂಡಿದ್ದಾರೆ. ಆಗ ನೀವು ಕೇಳಬೇಕಾದದ್ದು ಬಿಡುಗಡೆಯನ್ನಲ್ಲ, ಮರುಪಾವತಿಯನ್ನು. ಅದು ಅವರು ಹೊಸದಾಗಿ ಆರಂಭಿಸಬೇಕಾದ ಬೇರೆಯೇ ವ್ಯವಹಾರ. ಚೀಟಿ ಕಳೆದಿದ್ದರೆ ಹೋಟೆಲಿನವರ ಬಳಿ ಅದರ ಪ್ರತಿ ಇರುತ್ತದೆ.

ಇನ್ನು ಯಾವ ಬ್ಯಾಂಕಿನ ಡೆಬಿಟ್ ಕಾರ್ಡ್ ಒಳ್ಳೆಯದು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೋಲ್ಡ್ ಹಾಕುವ ಜಾಗದಲ್ಲಿ ಡೆಬಿಟ್ ಕಾರ್ಡನ್ನು ಕೊಡಲೇಬಾರದು. ಕ್ರೆಡಿಟ್ ಕಾರ್ಡಿನಲ್ಲಿ ಹೋಲ್ಡ್ ಬಿದ್ದರೆ ತಡೆಯಾಗುವುದು ಮಿತಿಯ ಒಂದು ಪಾಲು, ನಿಮ್ಮ ಸಂಬಳದ ಹಣವಲ್ಲ. ಅದು ಒಂದು ತಿಂಗಳು ಹಾಗೇ ಇದ್ದರೂ ಕಂತು ಬೌನ್ಸ್ ಆಗುವುದಿಲ್ಲ, ಬಡ್ಡಿಯೂ ಬೀಳುವುದಿಲ್ಲ. ವಿದೇಶ ಪ್ರವಾಸಕ್ಕೆಂದು ಮಾಡಿಸುವ ಫಾರೆಕ್ಸ್ ಕಾರ್ಡ್ ಈ ವಿಷಯದಲ್ಲಿ ಡೆಬಿಟ್ ಕಾರ್ಡಿನ ಹಾಗೆಯೇ, ತುಂಬಿಸಿದ ಹಣವೇ ಸಿಕ್ಕಿಕೊಳ್ಳುತ್ತದೆ.

ಅಮೆರಿಕದ ಬಂಕ್ ನಮ್ಮದರಂತಿಲ್ಲ. ಇಲ್ಲಿ ಬಂಕಿನ ಹುಡುಗ ಪೆಟ್ರೋಲ್ ಹಾಕಿದ ಮೇಲೆ ಮಷಿನ್‌ನಲ್ಲಿ ಅಷ್ಟೇ ಮೊತ್ತ ಒತ್ತುತ್ತಾನೆ, ಆದ್ದರಿಂದ ಹೋಲ್ಡಿನ ಅಗತ್ಯವೇ ಬರುವುದಿಲ್ಲ. ಅಲ್ಲಿ ಕಾರ್ಡ್ ಹಾಕಿದ ಮೇಲೆಯೇ ಪಂಪ್ ತೆರೆಯುತ್ತದೆ, ನೀವು ಎಷ್ಟು ಹಾಕಿಕೊಳ್ಳುತ್ತೀರೆಂದು ಅದಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಅದು ಒಂದು ಅಂದಾಜು ಮೊತ್ತಕ್ಕೆ ಒಪ್ಪಿಗೆ ಕೇಳುತ್ತದೆ. ಕೆಲವು ಬಂಕುಗಳಲ್ಲಿ ಇದು ಬರೀ 1 ಡಾಲರ್, ಕೆಲವು ಕಡೆ 2022ರಲ್ಲಿ ಏರಿಸಿದ ಮಿತಿಯಂತೆ 175 ಡಾಲರಿನವರೆಗೂ ಇರಬಹುದು. ಫಾರೆಕ್ಸ್ ಕಾರ್ಡಿನಲ್ಲಿ 300 ಡಾಲರ್ ಇಟ್ಟುಕೊಂಡು 45 ಡಾಲರಿನ ಪೆಟ್ರೋಲ್ ಹಾಕಿದವರಿಗೆ ಅಂದು ಸಂಜೆ 125 ಡಾಲರ್ ಮಾತ್ರ ಉಳಿದಂತೆ ಕಾಣುವುದು ಇದೇ ಕಾರಣಕ್ಕೆ. ಪೆಟ್ರೋಲ್ ಹಾಕಿ ಮುಗಿದ ಕೂಡಲೇ ಪಂಪ್ ನಿಜವಾದ ಮೊತ್ತವನ್ನು ತಿಳಿಸುತ್ತದೆ. ಅದನ್ನು ನೋಡಿ ಹೋಲ್ಡನ್ನು ಆಗಲೇ ಇಳಿಸುವ ಬ್ಯಾಂಕುಗಳೂ ಇವೆ, ಬಿಲ್ ಬರುವ ತನಕ ಎರಡು ಮೂರು ದಿನ ಹಾಗೇ ಇಡುವ ಬ್ಯಾಂಕುಗಳೂ ಇವೆ.

ಕಳೆದ ಬಾರಿ ಮಗಳ ಮನೆಗೆ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಪಂಪ್ ನನ್ನ ಕಾರ್ಡಿಗೆ ಅಲ್ಲಿನ ಐದಂಕಿಯ `ZIP` ಸಂಖ್ಯೆಯನ್ನು ಕೇಳಿತು. ನಮ್ಮ ಪಿನ್ ಕೋಡಿಗೆ ಆರು ಅಂಕಿ, ಏನು ಒತ್ತಿದರೂ ಅದು ಒಪ್ಪಲಿಲ್ಲ. ಒಳಗಿನ ಅಂಗಡಿಗೆ ಹೋಗಿ, ನಾಲ್ಕನೆಯ ಪಂಪಿಗೆ 40 ಡಾಲರ್ ಎಂದು ಹೇಳಿ ಕ್ರೆಡಿಟ್ ಕಾರ್ಡ್ ಕೊಟ್ಟೆ. ಹೋಲ್ಡ್ ಬಿದ್ದದ್ದು ನಾನು ಹೇಳಿದ ಆ 40 ಡಾಲರಿಗೆ ಮಾತ್ರ. ಟ್ಯಾಂಕ್ 36 ಡಾಲರ್ 50 ಸೆಂಟಿಗೇ ತುಂಬಿತು, ಮೂರನೆಯ ದಿನ ಕಾರ್ಡಿನ ಲೆಕ್ಕದಲ್ಲಿ ಬಂದದ್ದೂ ಅಷ್ಟೇ. ಪಂಪ್ ಕಾರ್ಡನ್ನು ಒಪ್ಪುವ ಕಡೆಯಲ್ಲೂ ಈಗ ನಾನು ಒಳಗೆ ಹೋಗಿಯೇ ಕೊಡುತ್ತೇನೆ.